ರೆಡಿಂಗ್‌ನ ರಸೀದಿ, ಎಸ್.ಪಿ. ರೋಡಿನ ಸ್ಟೂಲು

ಇಂಗ್ಲೆಂಡಿನಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟರೆ ಕಣ್ಣು ಮುಚ್ಚಿಕೊಂಡು ಕೊಡಬಹುದು, ಅಲ್ಲಿ ಎಲ್ಲದಕ್ಕೂ ಬಿಲ್ಲು, ಎಲ್ಲದಕ್ಕೂ ಕಾನೂನು ಅಂತ ನಮ್ಮ ಊರಿನಲ್ಲಿ ಬಹಳ ಜನ ನಂಬಿದ್ದಾರೆ. ಬಿಲ್ಲು ಕೊಡುತ್ತಾರೆ, ನಿಜ. ಒಳಗೆ ಏನು ಹಾಕುತ್ತಾರೆ ಅನ್ನೋದು ಬೇರೆ ಮಾತು.

ನಾನಿರುವುದು ರೆಡಿಂಗ್‌ನಲ್ಲಿ. ಹೋದ ಚಳಿಗಾಲದಲ್ಲಿ ನನ್ನ ಹೆಂಡತಿಯ ಸ್ಯಾಮ್ಸಂಗ್ ಎ52 ಬಿದ್ದು ಡಿಸ್ಪ್ಲೇ ಒಡೆಯಿತು. ಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ 115 ಪೌಂಡ್ ಅಂದರು, ಒರಿಜಿನಲ್ ಸ್ಕ್ರೀನ್ ಅಂತ ರಸೀದಿಯಲ್ಲೇ ಬರೆದುಕೊಟ್ಟರು. ಫೋನು ಹಿಂದಿನ ಕೋಣೆಗೆ ಹೋಯಿತು, ಪಾಸ್‌ವರ್ಡ್ ಚೀಟಿಯಲ್ಲಿ ಬರೆಸಿಕೊಂಡರು, ಸಂಜೆ ಬನ್ನಿ ಅಂದರು. ಸಂಜೆ ಹೋದರೆ ಡಿಸ್ಪ್ಲೇ ಹೊಳೆಯುತ್ತಿತ್ತು, ಆದರೆ ಫೋನು ಹೊಸದಾಗಿ ಡಬ್ಬಿಯಿಂದ ತೆಗೆದ ಹಾಗೆ ಭಾಷೆ ಯಾವುದು ಅಂತ ಕೇಳುತ್ತಿತ್ತು! "ಟಚ್ ಸರಿ ಕೆಲಸ ಮಾಡಲಿಲ್ಲ, ಸಾಫ್ಟ್‌ವೇರ್ ಸಮಸ್ಯೆ ಇರಬಹುದು ಅಂತ ರಿಸೆಟ್ ಮಾಡಿದೆವು" ಅನ್ನೋದು ಅವರ ಉತ್ತರ. ಕೇಳಲಿಲ್ಲ, ಫೋನ್ ಮಾಡಲಿಲ್ಲ, ಸುಮ್ನೆ ಅಳಿಸಿದರು.

ಮನೆಗೆ ಬಂದ ಮೇಲೆ ಇನ್ನೊಂದು ಗೊತ್ತಾಯಿತು. ಬೆರಳಚ್ಚು ಹಾಕಲು ಹೋದರೆ ಫೋನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಎ52ರಲ್ಲಿ ಬೆರಳಚ್ಚಿನ ಸೆನ್ಸರ್ ಡಿಸ್ಪ್ಲೇ ಕೆಳಗಿರುತ್ತದೆ. ಅದು ಪರದೆಯ ಮೂಲಕ ಬೆರಳನ್ನು ನೋಡಬೇಕು. ಕಂಪನಿ ಹಾಕಿದ್ದು ಅಮೋಲೆಡ್, ತೆಳ್ಳಗಿರುತ್ತದೆ, ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಬೆಳಕು ಅದರ ಮೂಲಕ ಹಾದುಹೋಗುತ್ತದೆ. ಅಗ್ಗದ ಎಲ್‌ಸಿಡಿ ಪರದೆಗೆ ಹಿಂದೆ ಒಂದು ಬೆಳಕಿನ ಹಾಳೆ ಬೇಕು, ಆ ಹಾಳೆ ಸೆನ್ಸರ್‌ಗೆ ಅಡ್ಡ ಬರುತ್ತದೆ. ಹಾಗಾಗಿ ಬೆರಳಚ್ಚು ಸತ್ತರೆ ಮೊದಲ ಅನುಮಾನ ಪರದೆ ಮೇಲೆ. ಖಾತ್ರಿ ಮಾಡಿಕೊಳ್ಳಲು ಪೂರ್ತಿ ಕಪ್ಪು ಚಿತ್ರವೊಂದನ್ನು ತೆರೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಕೋಣೆಯ ದೀಪ ಆರಿಸಿದೆ. ಅಮೋಲೆಡ್ ಆಗಿದ್ದರೆ ಪರದೆ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಇದು ಬೂದು ಬಣ್ಣದಲ್ಲಿ ಬೆಳಗುತ್ತಿತ್ತು, ಅಂಚುಗಳಲ್ಲಿ ಇನ್ನೂ ಜಾಸ್ತಿ. ಕೆಳಗಿನ ಕಪ್ಪು ಪಟ್ಟಿಯೂ ಮೊದಲಿಗಿಂತ ದಪ್ಪ. ಎಲ್‌ಸಿಡಿಯೇ, ಸಂಶಯ ಇಲ್ಲ.

ಈಗ ಬೆಂಗಳೂರಿನ ಎಸ್.ಪಿ. ರೋಡ್ ನೆನಪು ಮಾಡಿಕೊಳ್ಳಿ. ಅಲ್ಲಿ ನೀವು ಸ್ಟೂಲ್ ಮೇಲೆ ಕೂತಿರುತ್ತೀರಿ, ಫೋನು ನಿಮ್ಮ ಕಣ್ಣ ಮುಂದೆಯೇ ಬಿಚ್ಚಿಕೊಳ್ಳುತ್ತದೆ. ಡಿಸ್ಪ್ಲೇ ಎಷ್ಟು ಅಂದರೆ ಹುಡುಗ ಒಂದು ರೇಟು ಹೇಳುವುದಿಲ್ಲ. "ಒರಿಜಿನಲ್ ಬೇಕಾ ಸಾರ್, ಕಾಪಿ ಬೇಕಾ? ಕಾಪಿಯಲ್ಲಿ ಫಿಂಗರ್ ಪ್ರಿಂಟ್ ಬರಲ್ಲ" ಅಂತ ಅವನೇ ಹೇಳಿಬಿಡುತ್ತಾನೆ. ಇದು ನನಗೆ ಇಲ್ಲಿಯ ನಯವಾದ ಮಾತಿಗಿಂತ ಎಷ್ಟೋ ಮೇಲು ಅನಿಸುತ್ತದೆ. ಅಂಟಿಸುವ ಮೊದಲು ಕನೆಕ್ಟರ್ ಸಿಕ್ಕಿಸಿ, ಟಚ್ ಓಡಾಡಿಸಿ ತೋರಿಸುತ್ತಾನೆ, ಹಳೇ ಡಿಸ್ಪ್ಲೇ ಕೇಳಿದರೆ ಕೈಗೆ ಕೊಡುತ್ತಾನೆ. ಪಾಸ್‌ವರ್ಡ್ ನೀವೇ ಹೊಡೆಯುತ್ತೀರಿ. ಎದುರಿಗೆ ಕೂತವರ ಫೋನನ್ನು ಕೇಳದೆ ರಿಸೆಟ್ ಮಾಡೋಕೆ ಯಾರಿಗೂ ಧೈರ್ಯ ಬರುವುದಿಲ್ಲ ಬಿಡಿ.

ಆದರೆ ಎದ್ದು ಬಂದ ಮೇಲೆ ನಿಮ್ಮ ಕೈಯಲ್ಲಿ ಏನಿದೆ? ಬಹಳ ಸಲ ಏನೂ ಇಲ್ಲ. ಬಿಲ್ಲು ಬೇಕು ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಆಗತ್ತೆ ಸಾರ್ ಅನ್ನುತ್ತಾನೆ, ನಾವೂ ಬೇಡ ಬಿಡಪ್ಪ ಅನ್ನುತ್ತೇವೆ. ದಾವಣಗೆರೆಯಲ್ಲಿ ನನ್ನ ಭಾವಮೈದುನನಿಗೆ ಆಗಿದ್ದು ಇದೇ. ಒರಿಜಿನಲ್ ಅಂತ ಹಾಕಿಸಿಕೊಂಡ ಬ್ಯಾಟರಿ ಕೆಲವೇ ವಾರಗಳಲ್ಲಿ ಉಬ್ಬಿ ಹಿಂದಿನ ಮುಚ್ಚಳ ಎದ್ದಿತು. ಹೋಗಿ ಕೇಳಿದರೆ ಇದು ನಮ್ಮ ಅಂಗಡಿಯದ್ದೇ ಅಲ್ಲ ಅಂದರು. ಅವರದ್ದೇ ಅಂತ ತೋರಿಸಲು ಅವನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ಲು ಕೊಡದೆ ಇರುವುದೇ ಅನುಚಿತ ವ್ಯಾಪಾರ ಪದ್ಧತಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಲು ವಕೀಲರೇ ಬೇಕು ಅಂತಿಲ್ಲ, 5 ಲಕ್ಷದೊಳಗಿನ ದೂರಿಗೆ ಶುಲ್ಕವೂ ಇಲ್ಲ, ಮೊದಲ ಹೆಜ್ಜೆಗೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ಆಯಿತು. ಕಾನೂನು ಅಲ್ಲೂ ಚೆನ್ನಾಗಿಯೇ ಇದೆ. ಹಣ ಕೊಟ್ಟಿದ್ದಕ್ಕೆ ಕೊನೇ ಪಕ್ಷ ಯುಪಿಐ ದಾಖಲೆ ಇರುತ್ತದೆ, ಆದರೆ ಯಾವ ಸಾಮಾನಿಗೆ ಅಂತ ಅದರಲ್ಲಿ ಇರುವುದಿಲ್ಲ ಅಲ್ವಾ.

ನಮ್ಮ ರಸೀದಿಯಲ್ಲಿ ಒರಿಜಿನಲ್ ಅನ್ನೋ ಪದ ಇತ್ತು. ಜಗಳಕ್ಕೆ ನನಗೆ ಸಿಕ್ಕ ಹಿಡಿ ಅದೊಂದೇ. ಇಲ್ಲಿಯ 2015ರ ಗ್ರಾಹಕರ ಹಕ್ಕುಗಳ ಕಾಯ್ದೆ ಪ್ರಕಾರ ಹಾಕಿದ ಸಾಮಾನು ಹೇಳಿದ ವಿವರಣೆಗೆ ಹೊಂದಬೇಕು, ಕೆಲಸವನ್ನು ತಕ್ಕಷ್ಟು ಎಚ್ಚರ ಮತ್ತು ಕೌಶಲದಿಂದ ಮಾಡಬೇಕು. ಕತ್ತಲೆಯಲ್ಲಿ ತೆಗೆದ ಬೂದು ಪರದೆಯ ಫೋಟೋ, ಬೆರಳಚ್ಚು ಸೇರದೆ ಇರುವ ವಿಡಿಯೋ, ರಸೀದಿ ಮೂರನ್ನೂ ಇಮೇಲ್‌ನಲ್ಲಿ ಹಾಕಿ, ಹದಿನಾಲ್ಕು ದಿನದಲ್ಲಿ ಒರಿಜಿನಲ್ ಹಾಕಿ ಇಲ್ಲವೇ ಹಣ ಕೊಡಿ, ಇಲ್ಲದಿದ್ದರೆ ಸಣ್ಣ ಮೊತ್ತದ ದಾವೆ ನೋಡುವ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋಗುತ್ತೇನೆ ಅಂತ ಬರೆದೆ. ಮೊದಲ ಉತ್ತರದಲ್ಲಿ ಅವರು ಗೋಡೆಯ ಬೋರ್ಡ್ ತೋರಿಸಿದರು: ಡೇಟಾಗೆ ನಾವು ಜವಾಬ್ದಾರರಲ್ಲ. ಆದರೆ ಎಚ್ಚರದಿಂದ ಕೆಲಸ ಮಾಡುವ ಹೊಣೆಯನ್ನು ಅಂಗಡಿಯವರು ಬೋರ್ಡ್ ಹಾಕಿ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ, ಆ ಕಾಯ್ದೆಯ 57ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದನ್ನೂ ಬರೆದೆ. ಆಮೇಲೆ ಹಣ ವಾಪಸ್ ಬಂತು, ಒಂದು ಕ್ಷಮೆಯ ಸಾಲೂ ಇಲ್ಲದೆ.

ಡೇಟಾ ಮಾತ್ರ ಬರಲಿಲ್ಲ, ಬರುವುದೂ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ರಿಕವರಿ ಮಾಡಿಕೊಡುತ್ತೇವೆ ಅಂತ ದುಡ್ಡು ಕೀಳುವವರು ಎರಡೂ ದೇಶದಲ್ಲಿದ್ದಾರೆ. ಹಳೇ ಫೋನುಗಳಲ್ಲಿ ಅಳಿಸಿದ ಫೋಟೋವನ್ನು ಒಂದಿಷ್ಟು ಹುಡುಕಿ ತೆಗೆಯಬಹುದಿತ್ತು. ಈಗಿನ ಫೋನಿನಲ್ಲಿ ಎಲ್ಲವೂ ಗೂಢಲಿಪಿಯಲ್ಲಿ ಕೂತಿರುತ್ತದೆ, ಅದನ್ನು ಬಿಡಿಸುವ ಕೀಲಿ ಫೋನಿನೊಳಗೇ ಇರುತ್ತದೆ. ಫ್ಯಾಕ್ಟರಿ ರಿಸೆಟ್ ಮಾಡಿದರೆ ಆ ಕೀಲಿಯೇ ಹೋಗುತ್ತದೆ. ಚಿಪ್ಪನ್ನೇ ಕಿತ್ತು ಓದಿದರೂ ಸಿಗುವುದು ಅರ್ಥವಿಲ್ಲದ ರಾಶಿ. ವಾಟ್ಸಾಪ್ ಗೂಗಲ್ ಡ್ರೈವ್‌ನಿಂದ ವಾಪಸ್ ಬಂತು. ಫೋಟೋಗಳು ಮಾತ್ರ ಉಚಿತ 15 ಜಿಬಿ ತುಂಬಿದ ದಿನದವರೆಗಿನವು ಅಷ್ಟೇ. ಅದಾದ ಮೇಲಿನ ತವರಿನ ಗೃಹಪ್ರವೇಶ ಪೂರ್ತಿ ಹೋಯಿತು. ಅದಕ್ಕೆ ಕೋರ್ಟು ಎಷ್ಟು ಪೌಂಡ್ ಅಂತ ಬೆಲೆ ಕಟ್ಟುತ್ತದೆ ಹೇಳಿ, ಅದಕ್ಕೇ ನಾನು ಅದನ್ನು ಬೆನ್ನಟ್ಟಲಿಲ್ಲ.

ನನಗೆ ಜಾಸ್ತಿ ಸಿಟ್ಟು ತರಿಸುವುದು, ಡಿಸ್ಪ್ಲೇ ಬದಲಿಸಲು ಡೇಟಾ ಅಳಿಸುವ ಅಗತ್ಯವೇ ಇಲ್ಲ ಅನ್ನೋದು. ಪರದೆ ಬೇರೆ, ಮೆಮೊರಿ ಇರುವ ಬೋರ್ಡ್ ಬೇರೆ. ಟಚ್ ಪರೀಕ್ಷೆಗೆ ಪಾಸ್‌ವರ್ಡ್ ಕೂಡ ಬೇಕಿಲ್ಲ. ಹೊಸ ಸ್ಯಾಮ್ಸಂಗ್ ಫೋನುಗಳಲ್ಲಿ Maintenance mode ಅಂತ ಇದೆ, ಪಿಕ್ಸೆಲ್‌ನಲ್ಲಿ Repair mode. ಪರದೆ ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನು ಆನ್ ಮಾಡಿ ಕೊಟ್ಟರೆ ಅಂಗಡಿಯವರಿಗೆ ಫೋನು ಕಾಣುತ್ತದೆ, ನಿಮ್ಮ ಫೋಟೋ, ಮೆಸೇಜು ಕಾಣುವುದಿಲ್ಲ. ಪಾಸ್‌ವರ್ಡ್ ಇಲ್ಲದೆ ಆಗಲ್ಲ ಅನ್ನುವ ಅಂಗಡಿಗೆ ಇದನ್ನು ತೋರಿಸಿ ನೋಡಿ, ಆಮೇಲೂ ಹಟ ಹಿಡಿದರೆ ಫೋನು ಜೇಬಿಗೆ ಹಾಕಿಕೊಂಡು ಬನ್ನಿ. ಹಾಗಂತ ರಿಸೆಟ್ ಮಾಡೋದನ್ನು ಈ ಮೋಡ್ ತಡೆಯುತ್ತದೆ ಅಂದುಕೊಳ್ಳಬೇಡಿ, ಬ್ಯಾಕಪ್ ಬೇರೆಯೇ ಬೇಕು.

ಎರಡನೇ ಸಲ ಪರದೆ ಹಾಕಿಸಿದ್ದು ಬೇರೆ ಅಂಗಡಿಯಲ್ಲಿ. ನಾನು ಎದುರಿಗೇ ಕೂರುತ್ತೇನೆ ಅಂದಾಗ ಅಲ್ಲಿಯ ಹುಡುಗಿ ವಿಚಿತ್ರವಾಗಿ ನೋಡಿದಳು, ಇಲ್ಲಿ ಹಾಗೆ ಯಾರೂ ಕೇಳುವುದಿಲ್ಲವಂತೆ. ಆಮೇಲೆ ಒಂದು ಕುರ್ಚಿ ತಂದು ಹಾಕಿದಳು. ಭಾವಮೈದುನ ಈಗ ದಾವಣಗೆರೆಯಲ್ಲಿ ಜಿಎಸ್‌ಟಿ ಕೊಟ್ಟೇ ಬಿಲ್ಲು ಮಾಡಿಸುತ್ತಾನೆ, ಬಿಲ್ಲಿನ ಮೇಲೆ ಒರಿಜಿನಲ್ಲೋ ಕಾಪಿಯೋ ಅಂತ ಬರೆಸದೆ ಬಿಡುವುದಿಲ್ಲ. ಅಂಗಡಿಯವರು ಗೊಣಗುತ್ತಾರಂತೆ, ಬರೆದೂ ಕೊಡುತ್ತಾರಂತೆ.