ಸಾವಿನ ಸುದ್ದಿ, ಕೆಲಸದ ಹಂಚಿಕೆ: ಒಂದೇ ಮೆಸೇಜಿನಲ್ಲಿ ಇರಬೇಕೇ?

ಪರ: ಒಂದೇ ಮೆಸೇಜ್, ಅವತ್ತೇ

ನಮ್ಮ ಟೀಮಿನ ಹುಡುಗನೊಬ್ಬನ ತಂದೆ ಮಂಗಳವಾರ ಬೆಳಗಿನ ಜಾವ ತೀರಿಕೊಂಡರು. ಗುರುವಾರ ರಿಲೀಸ್ ಇತ್ತು. ನಾನು ಗ್ರೂಪಿಗೆ ಹಾಕಿದ್ದು ಎರಡೇ ಸಾಲು: ಸುದ್ದಿ, ಆತ್ಮಕ್ಕೆ ಶಾಂತಿ. ಕೆಲಸದ ಮಾತು ಆಮೇಲೆ ನೋಡೋಣ ಅಂದುಕೊಂಡೆ.

ಅಸ್ಥಿ ಬಿಡಲು ಅವನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಒದ್ದೆ ಪಂಚೆಯಲ್ಲಿ ನಿಂತಿದ್ದಾಗ ನಮ್ಮವರೇ ಮೂವರು ಫೋನ್ ಮಾಡಿದ್ದರು. ಒಬ್ಬರಿಗೆ ಟೆಸ್ಟ್ ಸರ್ವರಿನ ಪಾಸ್‌ವರ್ಡ್ ಬೇಕಿತ್ತು. ಪಾಪ, ಅಲ್ಲೇ ನಿಂತು ಹೇಳಿದನಂತೆ. ಫೋನ್ ಮಾಡಿದವರೇನೂ ಕಲ್ಲು ಮನಸ್ಸಿನವರಲ್ಲ. ಇನ್ನು ಯಾರನ್ನು ಕೇಳಬೇಕು ಅಂತ ನಾನು ಹೇಳಿರಲೇ ಇಲ್ಲ.

ಈಗ ಹೀಗೆ ಬರೆಯುತ್ತೇನೆ: "ಇವರ ತಂದೆ ಇಂದು ಬೆಳಿಗ್ಗೆ ತೀರಿಕೊಂಡರು. ಸಂಜೆ 4ಕ್ಕೆ ಬನಶಂಕರಿ ಚಿತಾಗಾರದಲ್ಲಿ ಅಂತ್ಯಕ್ರಿಯೆ. ಹೋಗುವವರು ಹೋಗಿ, ಮಧ್ಯಾಹ್ನದ ಮೀಟಿಂಗ್ ಇಲ್ಲ. ಅವರ ಕೆಲಸ ಸದ್ಯಕ್ಕೆ ನಾನು ನೋಡಿಕೊಳ್ಳುತ್ತೇನೆ. ಕೆಲಸದ ವಿಷಯಕ್ಕೆ ಅವರಿಗೆ ಫೋನ್ ಬೇಡ, ಮೆಸೇಜೂ ಬೇಡ. ಏನಿದ್ದರೂ ನನಗೆ ಹೇಳಿ."

ಯಾವತ್ತು ವಾಪಸ್ ಬರುತ್ತಾರೆ ಅಂತ ಬರೆಯುವುದಿಲ್ಲ. ಸಾವಿನ ರಜೆ ಕಂಪನಿ ಕೊಟ್ಟಷ್ಟೇ, ಅನೇಕ ಕಡೆ 3 ಇಲ್ಲವೇ 5 ದಿನ. ಮನೆಯಲ್ಲಿ ವೈಕುಂಠ ಸಮಾರಾಧನೆ 13ನೇ ದಿನಕ್ಕೆ. "ಸೋಮವಾರ ಬರುತ್ತಾರೆ" ಅಂತ ಗ್ರೂಪಿನಲ್ಲಿ ಹಾಕಿಬಿಟ್ಟರೆ, ಉಳಿದ ದಿನಕ್ಕೆ ರಜೆ ಕೇಳಲು ಅವರಿಗೇ ಸಂಕೋಚ.

ಸಂತಾಪವೇ ಬೇರೆ, ಕೆಲಸವೇ ಬೇರೆ ಅನ್ನುವವರು ಇದ್ದಾರೆ. ಕೈ ಮುಗಿಯುವ ಚಿತ್ರ ಹಾಕಿ ಕೈ ತೊಳೆದುಕೊಳ್ಳುವ ಪೈಕಿ.

ವಿರೋಧ: ಒಂದು ಗಂಟೆ ತಡೆಯಿರಿ

ನನಗೆ ಈ ಕಡೆ ಬರೆಯಲು ಹೇಳಿದ್ದಾರೆ, ಬರೆಯುತ್ತೇನೆ. ಫೋನ್ ಬೇಡ ಅನ್ನುವ ಸಾಲು ಎಲ್ಲಿದ್ದರೂ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರ ಮನೆಯಲ್ಲಿ ಸಾವಾಗಿದೆಯೋ ಅವನೂ ಆ ಗ್ರೂಪಿನಲ್ಲೇ ಇರುತ್ತಾನೆ, ಅಲ್ವಾ?

ಅಮ್ಮ ಹೋದ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಫೋನ್ ತೆಗೆದೆ. ಆಗಿನ ನಮ್ಮ ಲೀಡ್ ಬರೆದಿದ್ದರು: "ಇವರ ತಾಯಿ ತೀರಿಕೊಂಡಿದ್ದಾರೆ, ತುಂಬಾ ದುಃಖದ ವಿಷಯ. ಹಾಗಾಗಿ ಡೆಮೊ ಶುಕ್ರವಾರಕ್ಕೆ." ಕೆಳಗೆ 14 ಹೆಬ್ಬೆರಳು. ಅಮ್ಮ ಹೋದದ್ದಕ್ಕೋ, ಶುಕ್ರವಾರಕ್ಕೋ? ಆ "ಹಾಗಾಗಿ" ಇನ್ನೂ ಚುಚ್ಚುತ್ತದೆ.

ಪ್ರತಿ ಸಂಕ್ರಾಂತಿಗೆ ಅಮ್ಮ ನಮ್ಮ ಟೀಮಿಗೆಲ್ಲ ಎಳ್ಳು ಬೆಲ್ಲ ಕಳಿಸುತ್ತಿದ್ದರು. ಪೊಟ್ಟಣದ ಮೇಲೆ ಒಬ್ಬೊಬ್ಬರ ಹೆಸರು ಪೆನ್ನಿನಲ್ಲಿ ಬರೆದು. ಲೀಡ್‌ಗೂ ಒಂದು. ಅದರ ಬಗ್ಗೆ ಒಂದು ಸಾಲು ಇದ್ದಿದ್ದರೆ!

ಮೊದಲ ಮೆಸೇಜಿನಲ್ಲಿ ಸುದ್ದಿ ಮತ್ತು ಅಂತ್ಯಕ್ರಿಯೆಯ ವಿವರ ಸಾಕು. ಒಂದು ಗಂಟೆ ಬಿಟ್ಟು, ಅವನಿಲ್ಲದ ಇನ್ನೊಂದು ಗ್ರೂಪಿನಲ್ಲಿ ಕೆಲಸ ಹಂಚಿ. ಅಷ್ಟರೊಳಗೆ ಏನೂ ಮುಳುಗುವುದಿಲ್ಲ.

ನಮ್ಮ ಡೆಮೊ ಆ ಶುಕ್ರವಾರವೂ ಆಗಲಿಲ್ಲ. ಕ್ಲೈಂಟ್ ಊರಲ್ಲಿರಲಿಲ್ಲವಂತೆ. 13 ದಿನ ಮುಗಿಸಿ ಬಂದು ನಾನೇ ಕೊಟ್ಟೆ.