ಸೋಮವಾರ ಎಲೆ ತನ್ನಿ

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದು, ಊಟ ಮಾಡಿ, ಕೈ ಒರೆಸಿಕೊಂಡು ನಾನು ಮೊಬೈಲ್ ಹಿಡಿದು ಕೂತೆನೆಂದರೆ ಇನ್ನು ಅರ್ಧ ಗಂಟೆ ಇವಳನ್ನು ಮಾತನಾಡಿಸಬಾರದು ಎಂದು ಮನೆಯವರಿಗೆ ಗೊತ್ತು. ಮೂರನೆಯ ತರಗತಿಯ ಪೋಷಕರ ವಾಟ್ಸಾಪ್ ಗುಂಪಿಗೆ ವಾರದ ಸಂದೇಶ ಬರೆಯುವ ಹೊತ್ತು ಅದು. ಹತ್ತು ಸಾಲಿಗೆ ಅರ್ಧ ಗಂಟೆಯೇ ಎಂದು ಯಜಮಾನರು ನಗುತ್ತಾರೆ. ಮೊದಲ ವರ್ಷ ನಾನೂ ಎರಡೇ ನಿಮಿಷದಲ್ಲಿ ಬರೆದು ಮುಗಿಸುತ್ತಿದ್ದೆ. ಆಮೇಲೆ ರಾತ್ರಿ ಹತ್ತರವರೆಗೆ ಉತ್ತರ ಹೇಳುತ್ತಿದ್ದೆ.

ಆ ವರ್ಷದ ಮಳೆಗಾಲದ ಒಂದು ಸಂದೇಶ ಇನ್ನೂ ನನ್ನ ಮೊಬೈಲಿನಲ್ಲಿದೆ. ‘ಆತ್ಮೀಯ ಪೋಷಕ ಬಂಧುಗಳೇ’ ಎಂದು ಶುರುವಾಗಿ, ಮಕ್ಕಳು ಎಷ್ಟು ಉತ್ಸಾಹದಿಂದ ಕಲಿಯುತ್ತಿದ್ದಾರೆ, ಮಳೆಯಲ್ಲೂ ಹಾಜರಾತಿ ಹೇಗೆ ಚೆನ್ನಾಗಿದೆ, ಪದ್ಯವನ್ನು ಎಷ್ಟು ರಾಗವಾಗಿ ಹಾಡಿದರು ಎಂದೆಲ್ಲ ಹದಿನೆಂಟು ಸಾಲು ಹರಿದು, ಕೊನೆಯ ಸಾಲಿನಲ್ಲಿ ಹೀಗಿದೆ: ‘ನಾಳಿದ್ದು ಪರಿಸರ ಅಧ್ಯಯನದ ಚಟುವಟಿಕೆಗೆ ಎಲೆ ತನ್ನಿ.’

ಚಟುವಟಿಕೆ ಬಲು ಸರಳ. ಎಲೆಯನ್ನು ಹಾಳೆಯ ಕೆಳಗಿಟ್ಟು ಮೇಲಿನಿಂದ ಬಣ್ಣದ ಕಡ್ಡಿ ತಿಕ್ಕಿದರೆ ನರಗಳ ಅಚ್ಚು ಮೂಡುತ್ತದೆ, ಅಷ್ಟೆ. ಸೋಮವಾರ ಬೆಳಿಗ್ಗೆ ಒಬ್ಬ ಹುಡುಗ ಹಲಸಿನ ರೆಂಬೆಯನ್ನೇ ಎಳೆದುಕೊಂಡು ಬಂದ, ಅದರ ಅಂಟು ಇಡೀ ಬೆಂಚಿಗೆ ಮೆತ್ತಿತು. ಒಬ್ಬಳು ಕುಡಿಬಾಳೆ ಎಲೆ ಸುರುಳಿ ಸುತ್ತಿ ತಂದಿದ್ದಳು. ಶಾಲೆಯಲ್ಲಿ ವಿಶೇಷ ಊಟವಿರಬೇಕೆಂದು ಅಮ್ಮ ಅಂದುಕೊಂಡಿದ್ದರಂತೆ. ಇನ್ನೊಬ್ಬನ ಜೇಬಿನಿಂದ ಎರಡು ವೀಳ್ಯದೆಲೆ ಹೊರಬಂದವು, ಜೊತೆಗೆ ಅರ್ಧ ಅಡಿಕೆಯೂ. ಹನ್ನೊಂದು ಮಕ್ಕಳು ಏನೂ ತಂದಿರಲಿಲ್ಲ. ಮಾರನೆಯ ದಿನ, ಚಟುವಟಿಕೆ ಮುಗಿದ ಮೇಲೆ, ಇಬ್ಬರು ಬಹಳ ಚೆಂದದ ಎಲೆಗಳನ್ನು ತಂದರು. ಅವರ ತಂದೆ ಸಂದೇಶ ನೋಡಿದ್ದು ಭಾನುವಾರ. ಭಾನುವಾರ ಓದಿದವರಿಗೆ ‘ನಾಳಿದ್ದು’ ಎಂದರೆ ಮಂಗಳವಾರವೇ ತಾನೆ?

ತಪ್ಪು ಯಾರದ್ದೆಂದು ಆ ಸಂಜೆ ಕೂತು ನೋಡಿದೆ. ಉದ್ದದ ಸಂದೇಶವನ್ನು ವಾಟ್ಸಾಪ್ ಪೂರ್ತಿ ತೋರಿಸುವುದಿಲ್ಲ. ಒಂದಷ್ಟು ತೋರಿಸಿ, ಉಳಿದದ್ದನ್ನು ಮಡಚಿಟ್ಟು, ಬೇಕಾದರೆ ಒತ್ತಿ ಓದಿಕೊಳ್ಳಿ ಎನ್ನುತ್ತದೆ. ಒಲೆಯ ಮುಂದೆ ನಿಂತ ತಾಯಿ, ಮಂಡಿಯಲ್ಲಿ ಅಡಿಕೆ ಚೀಲದ ಪಕ್ಕ ನಿಂತ ತಂದೆ ಅದನ್ನು ಯಾಕೆ ಒತ್ತುತ್ತಾರೆ? ನನ್ನ ಎಲೆ ಆ ಮಡಿಕೆಯೊಳಗೇ ಇತ್ತು. ಹೊರಗೆ ಕಾಣುತ್ತಿದ್ದುದು ನನ್ನ ಸಂಭ್ರಮ ಮಾತ್ರ. ಒತ್ತಿ ಓದಿದವರಿಗಾದರೂ ಯಾವ ಎಲೆ, ಎಷ್ಟು, ಯಾವ ದಿನ ಎಂಬುದನ್ನು ನಾನು ಹೇಳಿರಲಿಲ್ಲ.

ಅಂದಿನಿಂದ ಸಂದೇಶವನ್ನು ತಲೆಕೆಳಗು ಮಾಡಿದೆ. ತರಬೇಕಾದದ್ದು ಮೇಲೆ, ಹೊಗಳಿಕೆ ಏನಾದರೂ ಉಳಿದಿದ್ದರೆ ಕೆಳಗೆ. ‘ನಾಳೆ’, ‘ನಾಳಿದ್ದು’, ‘ಬರುವ ವಾರ’ ಎಂಬ ಮಾತುಗಳಿಗೆ ಪ್ರವೇಶವಿಲ್ಲ. ವಾರದ ಹೆಸರು ಮತ್ತು ತಾರೀಖು ಎರಡೂ ಇರಬೇಕು. ಒಂದು ತಪ್ಪಾದರೂ ಇನ್ನೊಂದು ಹಿಡಿದುಕೊಡುತ್ತದೆ. ಪದದ ಎರಡೂ ಬದಿಗೆ ನಕ್ಷತ್ರದ ಚಿಹ್ನೆ ಹಾಕಿದರೆ ಅಕ್ಷರ ದಪ್ಪವಾಗುತ್ತದೆ ಎಂಬುದನ್ನು ಏಳನೆಯ ತರಗತಿಯ ಹುಡುಗನೊಬ್ಬ ಕಲಿಸಿಕೊಟ್ಟ. ಮೊನ್ನೆ ಜುಲೈಯಲ್ಲಿ ಅದೇ ಚಟುವಟಿಕೆಗೆ ಕಳಿಸಿದ ಸಂದೇಶ ಇದು:

*ಮೂರನೇ ತರಗತಿ, ಜುಲೈ 12, ಶನಿವಾರ*

*ತರಬೇಕಾದದ್ದು:* ಸೋಮವಾರ, 14ನೇ ತಾರೀಖು. ಬೇರೆ ಬೇರೆ ಗಿಡದ 5 ಎಲೆ. ಅಂಗೈಗಿಂತ ದೊಡ್ಡದು ಬೇಡ. ಹಳೆಯ ಪುಸ್ತಕದೊಳಗೆ ಇಟ್ಟು ಕಳಿಸಿ.

*ಮನೆಯಲ್ಲಿ:* 6ರ ಮಗ್ಗಿ. ಬುಧವಾರ, 16ರಂದು ಕೇಳುತ್ತೇನೆ.

*ಸಭೆ:* ಶನಿವಾರ, 19ರಂದು ಬೆಳಿಗ್ಗೆ 11ಕ್ಕೆ. ಮನೆಯಿಂದ ಒಬ್ಬರು ಬಂದರೆ ಸಾಕು.

*ಮಗುವನ್ನು ಕೇಳಿ:* ಒತ್ತಕ್ಷರ ಇರುವ ಮೂರು ತಿಂಡಿಗಳ ಹೆಸರು ಹೇಳು.

ಓದಿದವರು ಹೆಬ್ಬೆರಳು ಒತ್ತಿ. ಪ್ರಶ್ನೆಗಳಿಗೆ ಇಂದು ಸಂಜೆ 5ರಿಂದ 7.

ಕೊನೆಯ ಪ್ರಶ್ನೆ ಇದೆಯಲ್ಲ, ಅದು ‘ಈ ವಾರ ಒತ್ತಕ್ಷರದ ಪದಗಳನ್ನು ಕಲಿತೆವು’ ಎಂಬ ವರದಿಯ ಜಾಗಕ್ಕೆ ಬಂದದ್ದು. ಇವತ್ತು ಏನು ಕಲಿತೆ ಎಂದು ಮನೆಯಲ್ಲಿ ಕೇಳಿದರೆ ಜಗತ್ತಿನ ಎಲ್ಲ ಮಕ್ಕಳೂ ‘ಏನಿಲ್ಲ’ ಎನ್ನುತ್ತಾರೆ. ಉಪ್ಪಿಟ್ಟು, ಚಕ್ಕುಲಿ ಎಂದು ಬಾಯಿಬಿಟ್ಟರೆ ಕಲಿತದ್ದು ತಾನಾಗಿ ಹೊರಬರುತ್ತದೆ. ಒಬ್ಬನ ಮನೆಯಲ್ಲಿ ಉಪ್ಪಿಟ್ಟಿಗೆ ಒಂದು ಒತ್ತೋ ಎರಡೋ ಎಂದು ಅಪ್ಪನಿಗೂ ಮಗನಿಗೂ ವಾದವೇ ಆಯಿತಂತೆ. ಮಗ ಗೆದ್ದ.

ಇದನ್ನೇ ನಾನು ಓದಿ, ಒಂದು ನಿಮಿಷದ ಧ್ವನಿಯಾಗಿಯೂ ಕಳಿಸುತ್ತೇನೆ. ಗುಂಪಿನಲ್ಲಿ ಸಂದೇಶವನ್ನು ಒತ್ತಿ ಹಿಡಿದರೆ ಯಾರು ಯಾರು ಓದಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಬಹಳ ದಿನ ನಾನು ಆ ಪಟ್ಟಿಯನ್ನು ಹಾಜರಿ ಪುಸ್ತಕದ ಹಾಗೆ ನಂಬಿದ್ದೆ. ಓದಿದ ಮೊಬೈಲು ಅಪ್ಪನ ಜೊತೆ ಊರೂರು ತಿರುಗುತ್ತಿರುತ್ತದೆ, ಚೀಲ ಕಟ್ಟಿಕೊಡುವ ಅಜ್ಜಿಗೆ ಅಕ್ಷರ ಬರುವುದಿಲ್ಲ ಎಂಬುದು ತಡವಾಗಿ ತಿಳಿಯಿತು. ಧ್ವನಿಯಾದರೆ ರಾತ್ರಿ ಊಟಕ್ಕೆ ಕೂತಾಗ ಹಾಕಿದರೆ ಮನೆಯವರೆಲ್ಲರ ಕಿವಿಗೆ ಬೀಳುತ್ತದೆ.

ಇನ್ನು ಗುಂಪಿನ ಶಿಸ್ತಿನ ಮಾತು. ಶಾಲೆ ಶುರುವಾಗುವಾಗಲೇ ಹದಿನಾಲ್ಕು ನಿಯಮ ಬರೆದು ಹಾಕುವವರಿದ್ದಾರೆ. ಅವನ್ನು ಓದಿದವರನ್ನು ನಾನು ಕಂಡಿಲ್ಲ. ನಮ್ಮ ಗುಂಪಿನಲ್ಲಿ ಇರುವುದು ನಾಲ್ಕೇ, ನಾಲ್ಕೂ ಪೆಟ್ಟು ತಿಂದು ಹುಟ್ಟಿದವು.

ಹೆಬ್ಬೆರಳು ಒತ್ತಿ ಎಂಬುದರ ಹಿಂದೆ ಒಂದು ವನಭೋಜನದ ಕಥೆಯಿದೆ. ಬಸ್ಸು ಎಂಟಕ್ಕೆ ಎಂದು ಬರೆದಿದ್ದೆ. ಹತ್ತು ನಿಮಿಷದ ಮೇಲೆ ಏಳೂವರೆಗೆ ಎಂದು ತಿಳಿದು ಇನ್ನೊಂದು ಸಂದೇಶ ಹಾಕಿದೆ. ಅಷ್ಟರಲ್ಲಿ ‘ಆಯಿತು ಮೇಡಂ’, ‘ಧನ್ಯವಾದಗಳು ಮೇಡಂ’, ಕೈಮುಗಿದ ಚಿತ್ರ, ಗುಲಾಬಿ, ಮತ್ತೆ ಗುಲಾಬಿ. ತಿದ್ದುಪಡಿ ಆ ಹೂವಿನ ರಾಶಿಯ ನಡುವೆ ಹೂತುಹೋಯಿತು. ಆರು ಮಕ್ಕಳು ಎಂಟಕ್ಕೆ ಬಂದರು, ಬಸ್ಸು ಕಾದಿತ್ತು, ಚಾಲಕನ ಮುಖವನ್ನು ನಾನು ನೋಡಲಿಲ್ಲ. ಈಗ ಕಳಿಸಿದ ಸಂದೇಶವನ್ನೇ ಹದಿನೈದು ನಿಮಿಷದೊಳಗೆ ತಿದ್ದಬಹುದು. ಆದರೆ ತಿದ್ದಿದ್ದೇನೆ ಎಂದು ಅದು ಯಾರ ಬಾಗಿಲನ್ನೂ ಮತ್ತೆ ತಟ್ಟುವುದಿಲ್ಲ, ಮೊದಲೇ ಓದಿದವರು ಹಳೆಯ ವೇಳೆಯನ್ನೇ ನೆನಪಿಟ್ಟುಕೊಂಡಿರುತ್ತಾರೆ. ಹಾಗಾಗಿ ಅಕ್ಷರ ತಪ್ಪಾದರೆ ತಿದ್ದುತ್ತೇನೆ. ವೇಳೆ ತಪ್ಪಾದರೆ ‘ಬದಲಾವಣೆ’ ಎಂಬ ತಲೆಬರಹದೊಂದಿಗೆ ಹೊಸದಾಗಿ ಬರೆಯುತ್ತೇನೆ.

ಒಂದು ಮಗುವಿನ ವಿಷಯ ಗುಂಪಿನಲ್ಲಿ ಬೇಡ ಎಂಬ ಎರಡನೆಯ ನಿಯಮವನ್ನು ಮುರಿದವಳು ನಾನೇ. ‘ತರಗತಿಯಲ್ಲಿ ಒಬ್ಬರ ತಲೆಯಲ್ಲಿ ಹೇನು ಕಂಡಿದೆ, ಎಲ್ಲರೂ ನೋಡಿಕೊಳ್ಳಿ’ ಎಂದು ಹಾಕಿದೆ. ಹೆಸರು ಹೇಳಲಿಲ್ಲವಲ್ಲ ಎಂಬ ಧೈರ್ಯ. ‘ಯಾರು ಮೇಡಂ?’ ಎಂದು ಒಬ್ಬರು. ‘ನಮ್ಮವಳ ಪಕ್ಕ ಕೂರುತ್ತಾಳಲ್ಲ, ಅವಳಾ?’ ಎಂದು ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ ಗುಂಪು ಬಿಟ್ಟರು ಎಂಬ ಸಣ್ಣ ಅಕ್ಷರದ ಸಾಲು ಬಂತು. ಆ ಸಾಲು ಓದಿ ನನಗಾದ ನಾಚಿಕೆಗೆ ಲೆಕ್ಕವಿಲ್ಲ. ಮರುದಿನ ಅವರ ಮನೆಗೇ ಹೋಗಿ ಕ್ಷಮೆ ಕೇಳಿದೆ. ‘ಒಬ್ಬರು’ ಎಂದರೂ ಊರು ಹುಡುಕುತ್ತದೆ. ಈಗ ಮಳೆಗಾಲದ ಮೊದಲ ವಾರ ‘ಎಲ್ಲ ಮಕ್ಕಳ ತಲೆಯನ್ನೂ ಭಾನುವಾರ ಬಾಚಣಿಗೆಯಿಂದ ನೋಡಿ’ ಎಂದಷ್ಟೇ ಬರೆಯುತ್ತೇನೆ. ಅಂಕ, ಜಗಳ, ಜ್ವರ ಎಲ್ಲ ಫೋನಿನಲ್ಲಿ. ಫೋಟೋ ಕೂಡ ಹಾಗೆಯೇ. ಹುಟ್ಟುಹಬ್ಬದ ಚಿತ್ರದಲ್ಲಿ ಬೇರೆಯವರ ಮಕ್ಕಳಿದ್ದರೆ ಅವರನ್ನು ಕೇಳದೆ ಹಾಕುವಂತಿಲ್ಲ.

ಮೂರನೆಯದು ನಮ್ಮ ಮಲೆನಾಡಿನ ವಿಶೇಷ. ಜೋರು ಮಳೆ ಹಿಡಿದ ರಾತ್ರಿ ಜಿಲ್ಲಾಧಿಕಾರಿಗಳ ಆದೇಶದ ಚಿತ್ರವೊಂದು ಎಲ್ಲಿಂದಲೋ ತೇಲಿ ಬರುತ್ತದೆ: ನಾಳೆ ಶಾಲೆಗಳಿಗೆ ರಜೆ. ಮೊಹರು ನಿಜ, ಸಹಿ ನಿಜ. ತಾರೀಖು ನೋಡಿದರೆ ಹೋದ ವರ್ಷದ್ದು, ಇಲ್ಲವೇ ಪಕ್ಕದ ಜಿಲ್ಲೆಯದು. ಆದೇಶ ನಿಜವಾದರೂ ಎಷ್ಟೋ ಸಲ ಕೆಲವು ತಾಲ್ಲೂಕುಗಳಿಗೆ ಮಾತ್ರ ಇರುತ್ತದೆ. ಒಮ್ಮೆ ಇಂಥದ್ದೊಂದನ್ನು ನಂಬಿ ಅರ್ಧ ತರಗತಿ ಮನೆಯಲ್ಲೇ ಉಳಿಯಿತು. ಈಗ ತಾರೀಖು, ಜಿಲ್ಲೆ, ತಾಲ್ಲೂಕು ಮೂರನ್ನೂ ನೋಡಿ ಮುಖ್ಯೋಪಾಧ್ಯಾಯರು ಹೇಳಿದ ಮೇಲೆ ನಾನು ಹಾಕುತ್ತೇನೆ, ಬೇರೆಯವರು ಹಾಕುವಂತಿಲ್ಲ. ಮಕ್ಕಳಿಗೆ ಈ ನಿಯಮ ಇಷ್ಟವಿಲ್ಲ.

ನಾಲ್ಕನೆಯದು ಹೊತ್ತಿನದು. ಒಂದು ವರ್ಷ ರೋಸಿಹೋಗಿ, ನಾನೊಬ್ಬಳೇ ಬರೆಯುವ ಹಾಗೆ ಗುಂಪಿಗೆ ಬೀಗ ಹಾಕಿದೆ. ಗುಂಪು ತಣ್ಣಗಾಯಿತು, ನನ್ನ ಸ್ವಂತ ಸಂಖ್ಯೆ ಕುದಿಯತೊಡಗಿತು. ಒಂದೇ ಪ್ರಶ್ನೆ ಹದಿನೇಳು ಮನೆಯಿಂದ ಬೇರೆ ಬೇರೆಯಾಗಿ ಬಂದರೆ ಹದಿನೇಳು ಸಲ ಉತ್ತರಿಸಬೇಕು. ಈಗ ವಾರವೆಲ್ಲ ಬೀಗ, ಶನಿವಾರ ಐದರಿಂದ ಏಳರವರೆಗೆ ತೆರೆದ ಬಾಗಿಲು. ಒಬ್ಬರು ಕೇಳಿದ್ದಕ್ಕೆ ಎಲ್ಲರಿಗೂ ಉತ್ತರ ಸಿಗುತ್ತದೆ. ಮಗು ಮನೆ ತಲುಪಿಲ್ಲ, ಜ್ವರ ಬಂದಿದೆ ಎಂಬುದಕ್ಕೆ ಹೊತ್ತಿನ ಲೆಕ್ಕವಿಲ್ಲ, ನೇರ ಫೋನು.

ಜುಲೈ 12ರ ಸಂದೇಶಕ್ಕೆ ಸಂಜೆ ಏಳರವರೆಗೆ ಒಂದೂ ಪ್ರಶ್ನೆ ಬರಲಿಲ್ಲ. ಇಷ್ಟು ವರ್ಷದಲ್ಲಿ ಅದೇ ಮೊದಲು. ಆ ಖುಷಿಯಲ್ಲಿ ಅಕ್ಕನಿಗೂ ಒಂದು ಸಾಲು ಬರೆದು ಅಡುಗೆಮನೆಗೆ ಹೋದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಅದು ಹೋಗಿದ್ದುದು ಅಕ್ಕನಿಗಲ್ಲ, ತರಗತಿಯ ಗುಂಪಿಗೆ: ‘ಸೋಮವಾರ ಪತ್ರೊಡೆಗೆ ಮರಗೆಸುವಿನ ಎಲೆ 10 ಬೇಕು, ಎಳೆಯದು. ಬೆಳಿಗ್ಗೆಯೇ ಕಳಿಸು.’ ಒಡನೆ ಅಳಿಸಿದೆ. ಅಷ್ಟರಲ್ಲಿ ಎಷ್ಟೋ ಹೆಬ್ಬೆರಳುಗಳು ಬಿದ್ದಿದ್ದವು.

ಸೋಮವಾರ ಮೂವತ್ನಾಲ್ಕು ಮಕ್ಕಳಲ್ಲಿ ಮೂವತ್ತೊಂದು ಮಂದಿ ಪುಸ್ತಕದೊಳಗೆ ಐದೈದು ಎಲೆ ತಂದಿದ್ದರು. ನನ್ನ ಮೇಜಿನ ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಮರಗೆಸುವಿನ ಕಟ್ಟುಗಳಿದ್ದವು, ಒಂಬತ್ತು. ಮಳೆಹನಿ ಇನ್ನೂ ಆರಿರಲಿಲ್ಲ. ಎಲ್ಲ ಎಳೆಯವು. ಒಂದೊಂದನ್ನೇ ಬಿಚ್ಚಿ ಎಣಿಸಿದೆ. ಪ್ರತಿ ಕಟ್ಟಿನಲ್ಲೂ ಸರಿಯಾಗಿ ಹತ್ತು.