ಆ ಹಸಿರು ಪಟ್ಟಿಯ ಬಗ್ಗೆ

ನಿನ್ನೆ ಬೆಳಿಗ್ಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನನ್ನ ಹಳೆಯ ಟೀಮಿನ ಗೆಳತಿಯೊಬ್ಬಳನ್ನು ಹೋದ ವಾರ ಕೆಲಸದಿಂದ ತೆಗೆದರು. ಒಂಬತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿರುವವಳು. ನಿನ್ನೆ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕಿದ್ದಳು. ಫೋಟೋ ಸುತ್ತ #OpenToWork ಎಂಬ ಹಸಿರು ಪಟ್ಟಿ. ಅದರ ಕೆಳಗೆ ಒಬ್ಬರು ದೊಡ್ಡ ಹಿತೈಷಿಯ ಥರ ಕಾಮೆಂಟ್ ಮಾಡಿದ್ದರು: "ಮೊದಲು ಆ ಹಸಿರು ಪಟ್ಟಿ ತೆಗೆಯಿರಿ. ಗತಿಯಿಲ್ಲದವರ ಹಾಗೆ ಕಾಣಿಸುತ್ತೀರಿ." ಅದಕ್ಕೆ ಹನ್ನೆರಡು ಲೈಕ್.

ಗತಿಯಿಲ್ಲದವರಂತೆ! ಕೆಲಸ ಹೋಗಿ ಆರು ದಿನ ಆಗಿರುವ ಹೆಂಗಸಿಗೆ ಎಲ್ಲರೆದುರು ಹೇಳುವ ಮಾತಾ ಇದು?

ಆದರೆ ಅವಳ ಪೋಸ್ಟ್ ಓದಿ ಇನ್ನೊಂದು ಕಾರಣಕ್ಕೆ ಹೊಟ್ಟೆ ಉರಿಯಿತು. ಅದನ್ನೂ ಹೇಳಲೇಬೇಕು. ಮೊದಲ ಸಾಲುಗಳಲ್ಲಿ ಆಘಾತ. ಆಮೇಲೆ ಕಂಪನಿಗೆ ಧನ್ಯವಾದ. ಆಮೇಲೆ ನಿದ್ದೆ ಬರದ ರಾತ್ರಿಗಳು. ಕೊನೆಯಲ್ಲಿ, "ಯಾವ ಕೆಲಸವಾದರೂ ಸರಿ, ದಯವಿಟ್ಟು ಸಹಾಯ ಮಾಡಿ." ಅವಳು ಟೆಸ್ಟಿಂಗ್ ಮಾಡುವವಳು ಎಂಬ ಮಾತು ಬಂದದ್ದು ಹನ್ನೊಂದನೇ ಸಾಲಿನಲ್ಲಿ. ಫೀಡ್‌ನಲ್ಲಿ ಪೋಸ್ಟಿನ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತವೆ. ಉಳಿದದ್ದು "more" ಒತ್ತಿದರೆ ಮಾತ್ರ. ಅಂದರೆ ನೋಡಿದವರಲ್ಲಿ ಬಹಳ ಜನಕ್ಕೆ ಅವಳ ದುಃಖ ಗೊತ್ತಾಯಿತು, ಕಸುಬು ಗೊತ್ತಾಗಲಿಲ್ಲ.

ಪಟ್ಟಿಯಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. "ಯಾವ ಕೆಲಸವಾದರೂ ಸರಿ" ಎಂಬ ಮಾತಿನಿಂದ ಹೋಗುತ್ತದೆ. ಒಂಬತ್ತು ವರ್ಷ ಕಲಿತದ್ದನ್ನು ಅವಳೇ ತನ್ನ ಕೈಯಿಂದ ಅಳಿಸಿ ಹಾಕಿದ ಹಾಗಾಯಿತು. ಕಾಮೆಂಟ್ ಮಾಡಿದ ಮಹಾಶಯರು ಅದನ್ನು ಹೇಳಿದ್ದರೆ ನಾನೂ ಒಪ್ಪುತ್ತಿದ್ದೆ. ಅವರಿಗೆ ಕಂಡದ್ದು ಬಣ್ಣ ಮಾತ್ರ.

ಈ ಪಟ್ಟಿ ಬಂದದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ. ಎಷ್ಟೋ ಜನಕ್ಕೆ ಗೊತ್ತಿಲ್ಲದ ಸಂಗತಿ ಏನೆಂದರೆ, Open to work ಸೆಟ್ಟಿಂಗ್‌ನಲ್ಲಿ ಎರಡು ದಾರಿಗಳಿವೆ. ಒಂದು All LinkedIn members. ಪಟ್ಟಿ ಬರುವುದು ಇದರಲ್ಲಿ. ಇನ್ನೊಂದು Recruiters only. ಇದರಲ್ಲಿ ಪಟ್ಟಿ ಇರುವುದಿಲ್ಲ. ಲಿಂಕ್ಡ್‌ಇನ್‌ಗೆ ದುಡ್ಡು ಕೊಟ್ಟು Recruiter ಎಂಬ ಹುಡುಕಾಟದ ಸಾಧನ ತೆಗೆದುಕೊಂಡವರಿಗೆ ಮಾತ್ರ ನೀವು ಕೆಲಸ ಹುಡುಕುತ್ತಿರುವುದು ಗೊತ್ತಾಗುತ್ತದೆ. ಪ್ರೊಫೈಲಿನಲ್ಲಿ ಈಗಿನ ಕಂಪನಿ ಎಂದು ಇರುವ ಕಡೆಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ಲಿಂಕ್ಡ್‌ಇನ್ ಪ್ರಯತ್ನ ಮಾಡುತ್ತದೆ. ಆದರೆ ಪೂರ್ತಿ ಗುಟ್ಟಾಗಿ ಇರುತ್ತದೆ ಎಂದು ಅದೂ ಮಾತು ಕೊಡುವುದಿಲ್ಲ.

ಹೀಗಾಗಿ ಕೆಲಸದಲ್ಲಿ ಇದ್ದುಕೊಂಡೇ ಬೇರೆ ಕಡೆ ನೋಡುತ್ತಿರುವವರಿಗೆ ಎರಡನೆಯ ದಾರಿ ಸರಿ. ಲೇಆಫ್ ಆದವರು ಯಾರಿಂದ ಮುಚ್ಚಿಡಬೇಕು? ತೆಗೆದವರಿಗೇ ಗೊತ್ತಲ್ವಾ! ದೊಡ್ಡ ಕಂಪನಿಯ ರಿಕ್ರೂಟರ್‌ಗೆ ನೀವು ಎರಡು ದಾರಿಯಲ್ಲೂ ಕಾಣುತ್ತೀರಿ. ಪಟ್ಟಿ ಇಲ್ಲದಿದ್ದರೆ ಕಾಣದೆ ಹೋಗುವುದು ಬೇರೆಯವರಿಗೆ. ಆ ದುಬಾರಿ ಸಾಧನ ಇಲ್ಲದ ಸಣ್ಣ ಕಂಪನಿಯ ಮ್ಯಾನೇಜರ್‌ಗೆ, ನಾಲ್ಕು ವರ್ಷದ ಹಿಂದೆ ಪಕ್ಕದ ಟೀಮಿನಲ್ಲಿದ್ದ ಹುಡುಗನಿಗೆ. ನೀವು ಇನ್ನೊಬ್ಬರ ಪೋಸ್ಟಿಗೆ ಕಾಮೆಂಟ್ ಮಾಡಿದಾಗಲೂ ಪಟ್ಟಿ ಫೋಟೋ ಜೊತೆಗೇ ಹೋಗುತ್ತದೆ. "ಓಹ್, ಇವಳು ಈಗ ಫ್ರೀ ಇದ್ದಾಳಾ?" ಎಂದು ಯಾರಿಗಾದರೂ ಹೊಳೆಯುವುದೇ ಹಾಗೆ.

"ಪಟ್ಟಿ ಕಂಡರೆ ಮೂಗು ಮುರಿಯುವ ರಿಕ್ರೂಟರ್‌ಗಳೂ ಇದ್ದಾರಲ್ಲ" ಎನ್ನುತ್ತೀರಿ. ಇದ್ದಾರೆ, ಇಲ್ಲ ಎನ್ನುವುದಿಲ್ಲ. ಕೆಲಸ ಹೋದವರನ್ನು ಕಂಡರೇ ಅಂಥವರಿಗೆ ಆಗುವುದಿಲ್ಲ. ಪಟ್ಟಿ ಇಲ್ಲದಿದ್ದರೆ ರೆಸ್ಯೂಮೆಯ ತಾರೀಖು ನೋಡಿ ಮೂಗು ಮುರಿಯುತ್ತಾರೆ. ಅವರಿಗೋಸ್ಕರ ಉಳಿದ ಎಲ್ಲರಿಂದ ಬಚ್ಚಿಟ್ಟುಕೊಳ್ಳಬೇಕಾ?

ಬಚ್ಚಿಟ್ಟುಕೊಳ್ಳುವುದು ಏನೆಂದು ನನಗೆ ಗೊತ್ತು. ನನ್ನ ಲೇಆಫ್ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತಿದೆ. ಈ ಭಾಗ ಗೊತ್ತಿಲ್ಲ. ಆಗ ನಾನು ಏಳು ವಾರ ಪ್ರೊಫೈಲ್ ಮುಟ್ಟಲೇ ಇಲ್ಲ. ಹಳೆಯ ಕಂಪನಿ ಹೆಸರಿನ ಮುಂದೆ Present ಎಂದೇ ಇತ್ತು. ಯಾರೂ ಕೇಳದಿದ್ದರೆ ಸಾಕು ಎಂದು ದಿನಾ ಬೇಡಿಕೊಳ್ಳುತ್ತಿದ್ದೆ. ಒಂದು ಇಂಟರ್‌ವ್ಯೂನಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಕೊನೆಗೆ ಅವರು ತುಂಬಾ ಸಹಜವಾಗಿ, "ನೋಟಿಸ್ ಪೀರಿಯಡ್ ಎಷ್ಟು ದಿನ?" ಎಂದು ಕೇಳಿದರು. ನನ್ನ ಬಾಯಿ ಒಣಗಿತು. ನಿಜ ಹೇಳಿದೆ. "ಪ್ರೊಫೈಲಿನಲ್ಲಿ ಬೇರೆ ಇದೆಯಲ್ಲ?" ಎಂದರು. ಅವರ ದನಿ ಬದಲಾದದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಲೇಆಫ್ ಆಗಿದ್ದು ಅವರಿಗೆ ದೊಡ್ಡ ವಿಷಯವೇ ಅಲ್ಲ. ಮುಚ್ಚಿಟ್ಟದ್ದು ದೊಡ್ಡದಾಯಿತು. ಅವತ್ತು ರಾತ್ರಿಯೇ ಕೊನೆಯ ದಿನದ ತಾರೀಖು ಹಾಕಿದೆ. ಹಾಕುವಾಗ ಅತ್ತೆ.

ಅದಕ್ಕೇ ನಿನ್ನೆ ರಾತ್ರಿ ಅವಳಿಗೆ ಫೋನ್ ಮಾಡಿದೆ. ಎರಡು ಗಂಟೆ ಮಾತಾಡಿದೆವು. ಮೊದಲ ಅರ್ಧ ಗಂಟೆ ಸುಮ್ನೆ ಕೇಳಿಸಿಕೊಂಡೆ. ಆಮೇಲೆ ಇಬ್ಬರೂ ಅವಳ ಪ್ರೊಫೈಲ್ ತೆರೆದುಕೊಂಡು ಕೂತೆವು.

Open to workನಲ್ಲಿ ಬೇಕಾದ ಹುದ್ದೆಯ ಹೆಸರು ಐದರವರೆಗೆ ಹಾಕಬಹುದು. ಅವಳು ಐದೂ ತುಂಬಿಸಿದ್ದಳು. ಟೆಸ್ಟರ್, ಪ್ರಾಜೆಕ್ಟ್ ಮ್ಯಾನೇಜರ್, ಬಿಸಿನೆಸ್ ಅನಲಿಸ್ಟ್, ಸ್ಕ್ರಮ್ ಮಾಸ್ಟರ್, ಎಚ್‌ಆರ್.

"ಎಚ್‌ಆರ್ ಕೆಲಸ ಯಾವಾಗ ಮಾಡಿದೆ ಕಣೇ?" ಎಂದೆ.

"ಮಾಡಿಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಕಡೆಯಿಂದ ಬರಬಹುದು ಅಂತ."

ಭಯದಲ್ಲಿ ಇದ್ದಾಗ ಎಲ್ಲರಿಗೂ ಹಾಗೇ ಅನಿಸುತ್ತದೆ. ಆದರೆ ಹೀಗೆ ಹಾಕಿದರೆ ಬೇಡದ ಕರೆಗಳೇ ಬರುತ್ತವೆ. ನಿಜವಾಗಿ ಟೆಸ್ಟರ್ ಬೇಕಾದವರು ಈ ಐದು ಹೆಸರು ನೋಡಿ "ಇವಳಿಗೆ ಏನು ಬೇಕೋ ಇವಳಿಗೇ ಗೊತ್ತಿಲ್ಲ" ಎಂದು ಮುಂದೆ ಹೋಗುತ್ತಾರೆ. ನಾಲ್ಕನ್ನು ತೆಗೆದೆವು. ಖಾಲಿಯಾದ ಜಾಗದಲ್ಲಿ ಅದೇ ಕೆಲಸಕ್ಕೆ ಬೇರೆ ಬೇರೆ ಕಂಪನಿಗಳು ಇಟ್ಟಿರುವ ಹೆಸರು ಹಾಕಿದೆವು: QA Engineer, SDET, Test Automation Engineer. ಹುದ್ದೆಯ ಹೆಸರು ಕೊಟ್ಟೇ ರಿಕ್ರೂಟರ್ ಹುಡುಕುವುದು. ಒಬ್ಬರು SDET ಎಂದು ಹುಡುಕುತ್ತಾರೆ, ಇನ್ನೊಬ್ಬರು QA ಎಂದು. ಇಬ್ಬರಿಗೂ ಅವಳು ಸಿಗಬೇಕು.

ಹೆಡ್‌ಲೈನ್‌ನಲ್ಲಿ "ಹೊಸ ಅವಕಾಶಗಳನ್ನು ಹುಡುಕುತ್ತಿದ್ದೇನೆ" ಎಂದಷ್ಟೇ ಇತ್ತು. 220 ಅಕ್ಷರ ಜಾಗ ಇದೆ, ಅದರಲ್ಲಿ ಕಸುಬಿನ ಹೆಸರೇ ಇಲ್ಲ! ಪಟ್ಟಿ ಹೇಳುವುದನ್ನೇ ಹೆಡ್‌ಲೈನೂ ಹೇಳಿದರೆ ಏನು ಬಂತು? ಈಗ ಹೀಗಿದೆ:

```
Senior QA Engineer | Payments and refunds | API test automation | 9 years
```

ಇದರಲ್ಲಿ ಬೇಡಿಕೆ ಎಲ್ಲೂ ಇಲ್ಲ ನೋಡಿ. ಬೇಡಿಕೆಯನ್ನು ಪಟ್ಟಿ ನೋಡಿಕೊಳ್ಳುತ್ತದೆ.

ಪೋಸ್ಟಿಗೆ ಹೆಚ್ಚು ಹೊತ್ತು ಹಿಡಿಯಿತು. ಕಂಪನಿ ಹೇಗೆ ತೆಗೆಯಿತು ಎಂದು ಒಂದು ಪ್ಯಾರಾ ಬರೆದಿದ್ದಳು. ಹದಿನೈದು ನಿಮಿಷದ ಮೀಟಿಂಗ್, ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಬಂದ್. ಅದರ ಪ್ರತಿಯೊಂದು ಮಾತೂ ನಿಜ. ಆದರೂ ತೆಗೆಸಿದೆ. ಆ ಪ್ಯಾರಾ ಇದ್ದರೆ ಓದಿದವರು ಅದರ ಬಗ್ಗೆಯೇ ಮಾತಾಡುತ್ತಾರೆ, ಅವಳ ಕೆಲಸದ ಬಗ್ಗೆ ಯಾರೂ ಮಾತಾಡುವುದಿಲ್ಲ. ಇನ್ನೊಂದು ಕಾರಣವೂ ಇದೆ. ಪರಿಹಾರದ ಹಣ ಕೊಡುವಾಗ ಸಹಿ ಹಾಕಿಸುವ ಪತ್ರದಲ್ಲಿ ಕಂಪನಿಯ ಬಗ್ಗೆ ಸಾರ್ವಜನಿಕವಾಗಿ ಕೆಟ್ಟದಾಗಿ ಬರೆಯಬಾರದು ಎಂಬ ಷರತ್ತು ಇರಬಹುದು. ಅವಳು ಆ ಪತ್ರ ಪೂರ್ತಿ ಓದಿರಲಿಲ್ಲ. ಮೊದಲು ಅದನ್ನು ಓದು ಎಂದೆ.

ಆಮೇಲೆ ಕೇಳಿದೆ, "ಈ ಒಂಬತ್ತು ವರ್ಷದಲ್ಲಿ ನೀನು ಹಿಡಿದ ಯಾವ ತಪ್ಪು ನಿನಗೆ ಇನ್ನೂ ನೆನಪಿದೆ?"

ತಕ್ಷಣ ಅವಳ ದನಿ ಬೇರೆಯಾಯಿತು. ಗ್ರಾಹಕ ರೀಫಂಡ್ ಒತ್ತುತ್ತಾನೆ, ನೆಟ್‌ವರ್ಕ್ ಕೈಕೊಡುತ್ತದೆ, ಆ್ಯಪ್ ಅದೇ ಮನವಿಯನ್ನು ಮತ್ತೆ ಕಳಿಸುತ್ತದೆ. ಆ ಕಡೆ ಸಿಸ್ಟಮ್ ಅದನ್ನು ಹೊಸ ಮನವಿ ಎಂದುಕೊಂಡು ಎರಡು ಸಲ ದುಡ್ಡು ವಾಪಸ್ ಮಾಡುತ್ತಿತ್ತು. ಇವಳು ಬೇಕೆಂದೇ ಉತ್ತರ ತಡವಾಗುವ ಹಾಗೆ ಮಾಡಿ, ಒಂದೇ ಮನವಿಯನ್ನು ಮತ್ತೆ ಮತ್ತೆ ಕಳಿಸಿ, ರಿಲೀಸ್‌ಗೆ ಮುಂಚೆಯೇ ಅದನ್ನು ಹಿಡಿದಳು. ಆಮೇಲೆ ಪ್ರತಿ ರಿಲೀಸ್‌ಗೂ ಆ ಪರೀಕ್ಷೆ ತಾನಾಗಿಯೇ ಓಡುವ ಹಾಗೆ ಮಾಡಿದಳು. ಹತ್ತು ನಿಮಿಷ ನಿಲ್ಲಿಸದೆ ಹೇಳಿದಳು. ಆ ಹತ್ತು ನಿಮಿಷದಲ್ಲಿ ಅವಳಿಗೆ ಲೇಆಫ್ ನೆನಪೇ ಇರಲಿಲ್ಲ.

"ಇದನ್ನೇ ಬರಿ" ಎಂದೆ. ಕಂಪನಿಯ ಗ್ರಾಹಕರ ಹೆಸರು, ಒಳಗಿನ ಲೆಕ್ಕ ಯಾವುದೂ ಬೇಡ. ತಪ್ಪು ಏನಿತ್ತು, ಹೇಗೆ ಹಿಡಿದೆ, ಅಷ್ಟೇ.

ಹೊಸ ಪೋಸ್ಟಿನ ಶುರು ಕನ್ನಡದಲ್ಲಿ ಹೇಳಿದರೆ ಹೀಗಿದೆ: "ಹೋದ ವಾರದ ಲೇಆಫ್‌ನಲ್ಲಿ ನನ್ನ ಕೆಲಸ ಹೋಯಿತು. ನಾನು ಒಂಬತ್ತು ವರ್ಷದಿಂದ ಪೇಮೆಂಟ್ ಸಿಸ್ಟಮ್‌ಗಳನ್ನು ಟೆಸ್ಟ್ ಮಾಡುತ್ತಿದ್ದೇನೆ. ಅದೇ ಕ್ಷೇತ್ರದಲ್ಲಿ ಸೀನಿಯರ್ ಕ್ಯೂಎ ಕೆಲಸ ನೋಡುತ್ತಿದ್ದೇನೆ, ತಕ್ಷಣ ಸೇರಬಲ್ಲೆ." more ಒತ್ತದೆಯೇ ಇಷ್ಟು ಕಾಣಬೇಕು. ಆಮೇಲೆ ರೀಫಂಡ್ ಕಥೆ ಆರು ಸಾಲು. ಕೊನೆಯಲ್ಲಿ "ದಯವಿಟ್ಟು ಸಹಾಯ ಮಾಡಿ" ಇದ್ದ ಜಾಗದಲ್ಲಿ, "ನಿಮ್ಮ ಕಂಪನಿಯಲ್ಲಿ ಪೇಮೆಂಟ್ ಟೆಸ್ಟಿಂಗ್ ಟೀಮ್ ಇದ್ದರೆ, ಅದನ್ನು ನೋಡಿಕೊಳ್ಳುವವರ ಹೆಸರು ತಿಳಿಸಿ." ಸಹಾಯ ಮಾಡಿ ಎಂದರೆ ಪಾಪ, ಏನು ಮಾಡಬೇಕೆಂದು ಜನಕ್ಕೆ ತೋಚುವುದಿಲ್ಲ. ಲೈಕ್ ಒತ್ತಿ ಹೋಗುತ್ತಾರೆ. ಒಂದು ಹೆಸರು ಕೇಳಿದರೆ ಕೊಡುತ್ತಾರೆ.

ಪಟ್ಟಿಯಿಂದ ನಿಜವಾದ ತೊಂದರೆ ಒಂದಿದೆ, ಅದನ್ನು ಮಾತ್ರ ಅವಳಿಗೆ ಎಚ್ಚರಿಸಿದೆ. ಮೋಸದವರಿಗೂ ಅದು ಕಾಣುತ್ತದೆ. ಇಂಟರ್‌ವ್ಯೂ ಇಲ್ಲದೆ ಆಫರ್, ಮೊದಲ ಮೆಸೇಜ್‌ನಲ್ಲೇ "ವಾಟ್ಸ್ಆ್ಯಪ್‌ಗೆ ಬನ್ನಿ", ನೋಂದಣಿಗೆ ಅಥವಾ ಟ್ರೈನಿಂಗ್‌ಗೆ ದುಡ್ಡು, ಇಷ್ಟರಲ್ಲಿ ಒಂದು ಕಂಡರೂ ಅಲ್ಲಿಗೇ ಬಿಟ್ಟುಬಿಡು ಎಂದೆ.

ಕೊನೆಗೆ ಅವಳು ಸಣ್ಣ ದನಿಯಲ್ಲಿ ಕೇಳಿದಳು. "ಕೆಲಸ ಸಿಗೋಕೆ ಆರು ತಿಂಗಳಾದರೆ? ಆ ಖಾಲಿ ಜಾಗ ಎಲ್ಲರಿಗೂ ಕಾಣುತ್ತಲ್ಲ?" ಅದಕ್ಕೂ ಜಾಗ ಇದೆ. 2022ರಿಂದ ಪ್ರೊಫೈಲಿನಲ್ಲಿ Career break ಎಂದು ಸೇರಿಸಬಹುದು. ಅದರಲ್ಲಿ Layoff/position eliminated ಎಂಬ ಆಯ್ಕೆಯೇ ಇದೆ. ಅದರ ಕೆಳಗೆ ಆ ತಿಂಗಳುಗಳಲ್ಲಿ ಏನು ಕಲಿತೆ, ಏನು ಮಾಡಿದೆ ಎಂದು ಬರೆಯಬಹುದು. ನನ್ನ ಪ್ರೊಫೈಲಿನಲ್ಲಿ ಈಗಲೂ ಇದೆ, ತೆರೆದು ನೋಡು ಎಂದೆ. ನೋಡಿದಳು. ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ಹೊಸ ಪೋಸ್ಟ್ ಹಾಕಿದ್ದಾಳೆ. ಹಸಿರು ಪಟ್ಟಿ ಹಾಗೇ ಇದೆ. ಈಗಾಗಲೇ ಇಬ್ಬರು ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಒಬ್ಬ, ಅವಳು ಐದು ವರ್ಷದಿಂದ ಮಾತಾಡದ ಹಳೆಯ ಸಹೋದ್ಯೋಗಿ.

ನಿನ್ನೆಯ ಆ ಕಾಮೆಂಟಿಗೂ ಅವಳು ಉತ್ತರ ಬರೆದಿದ್ದಾಳೆ. ಅದು ನಾನು ಹೇಳಿಕೊಟ್ಟದ್ದಲ್ಲ. "ನಾನು ಕೆಲಸ ಹುಡುಕುತ್ತಿದ್ದೇನೆ, ಅದಕ್ಕೇ ಪಟ್ಟಿ ಹಾಕಿದ್ದೇನೆ. ನಿಮ್ಮಲ್ಲಿ ಟೆಸ್ಟಿಂಗ್ ಯಾರು ನೋಡಿಕೊಳ್ಳುತ್ತಾರೆ, ತಿಳಿಸುತ್ತೀರಾ?"

ಇದನ್ನು ಬರೆಯುವ ಹೊತ್ತಿಗೆ ಅವರಿಂದ ಉತ್ತರ ಬಂದಿಲ್ಲ.